ಶೀಟಲ್ಲಿ ಇನ್ನೇನು ಕಳೆಯೋದು ಅಂತ ಕೇಳುವವರಿಗೆ

"ಸರ್, ನನ್ನ ಟ್ಯಾಕ್ಸ್ ಲೆಕ್ಕದ ಶೀಟ್ ಒಂದ್ಸಲ ನೋಡ್ತೀರಾ? ಇನ್ನೂ ಏನಾದ್ರೂ ಡಿಡಕ್ಷನ್ ಬಿಟ್ಟು ಹೋಗಿದ್ಯಾ ಅಂತ."

ಬಿಟ್ಟು ಹೋಗಿರಬಹುದು. ಆದರೆ ಅದನ್ನು ನಾನು ಕೊನೆಗೆ ನೋಡುತ್ತೇನೆ. ಮೊದಲು ಆದಾಯ, ಆಮೇಲೆ ಕಾಗದ, ಆಮೇಲೆ ಡಿಡಕ್ಷನ್. ಈ ಕ್ರಮ ಹೇಳಿದ ತಕ್ಷಣ ಎಲ್ಲರ ಮುಖ ಸಪ್ಪೆಯಾಗುತ್ತದೆ. "ಆದಾಯ ಸರಿ ಇದೆ ಬಿಡಿ, ಕಂಪನಿ ಕೊಟ್ಟ ಫಾರ್ಮ್ 16 ನೋಡಿಯೇ ಹಾಕಿದ್ದು" ಅನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ನಾನು ನೋಡಿದ ಶೀಟುಗಳಲ್ಲಿ ದೊಡ್ಡ ತಪ್ಪುಗಳು ಜಾಸ್ತಿ ಸಿಕ್ಕಿರುವುದು ಅದೇ ಆದಾಯದ ಕಾಲಂನಲ್ಲಿ.

ಒಂದು ಶೀಟ್ ಪೂರ್ತಿ ಬಿಡಿಸಿ ಹೇಳುತ್ತೇನೆ. 2024-25ನೇ ಹಣಕಾಸು ವರ್ಷದ್ದು. ಸಹೋದ್ಯೋಗಿಯೊಬ್ಬರ ತಂಗಿ ಅಕ್ಟೋಬರ್‌ನಲ್ಲಿ ಕೆಲಸ ಬದಲಾಯಿಸಿದ್ದಳು. ಮೊದಲ ಆರು ತಿಂಗಳ ಸಂಬಳ 6,00,000, ನಂತರದ ಆರು ತಿಂಗಳದ್ದು 7,20,000. ಹಳೆಯ ತೆರಿಗೆ ಪದ್ಧತಿಯಲ್ಲಿ ಲೆಕ್ಕ ಹಾಕಿದ್ದಳು. ಅವಳ ಪ್ರಕಾರ ತೆರಿಗೆಗೆ ಒಳಪಡುವ ಆದಾಯ 9,60,200. ಸೆಸ್ ಸೇರಿ ತೆರಿಗೆ ಸುಮಾರು 1,08,700 ರೂಪಾಯಿ.

ಎರಡು ಫಾರ್ಮ್ 16 ಇದ್ದ ಕಡೆ ನಾನು ಮೊದಲು ಹುಡುಕುವುದು ಸ್ಟ್ಯಾಂಡರ್ಡ್ ಡಿಡಕ್ಷನ್ನನ್ನು, ಅಂದರೆ ಸಂಬಳದವರಿಗೆಲ್ಲ ಸಿಗುವ ನಿಗದಿತ ಕಡಿತವನ್ನು. ಎರಡೂ ಕಂಪನಿಗಳು ತಮ್ಮ ತಮ್ಮ ಫಾರ್ಮ್‌ನಲ್ಲಿ 50,000 ಕಳೆದಿದ್ದವು. ಇವಳು ಎರಡರ ಕೊನೆಯ ಮೊತ್ತವನ್ನೂ ತಂದು ಕೂಡಿಸಿದ್ದಳು. ಅಂದರೆ ಒಂದು ಲಕ್ಷ ಕಳೆದ ಹಾಗಾಯಿತು. ಒಬ್ಬರಿಗೆ ವರ್ಷಕ್ಕೆ ಅದು ಸಿಗುವುದು ಒಂದೇ ಸಲ, ಎಷ್ಟು ಕಂಪನಿ ಬದಲಾಯಿಸಿದರೂ ಅಷ್ಟೇ. ಫಾರ್ಮ್ 16ರಲ್ಲಿ ಕೊನೆಯ ಸಾಲಿನಿಂದ ಅಂಕಿ ಎತ್ತಬಾರದು. ಮೇಲಿನ ಒಟ್ಟು ಸಂಬಳದಿಂದ ಶುರು ಮಾಡಿ, ಎರಡನ್ನೂ ಕೂಡಿಸಿ, ಆಮೇಲೆ ಒಮ್ಮೆ ಕಳೆಯಬೇಕು.

ಮುಂದಿನದು ಬಡ್ಡಿ. ಶೀಟಲ್ಲಿ ಎಫ್‌ಡಿ ಬಡ್ಡಿ 41,400 ಅಂತ ಇತ್ತು. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಸಿಗುವ ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್, ತೆಗೆದರೆ ಅಲ್ಲಿ 46,000. ವ್ಯತ್ಯಾಸ ಸರಿಯಾಗಿ ಶೇ 10. ಹೀಗೆ ಬಂದರೆ ಕಾರಣ ಬಹುಮಟ್ಟಿಗೆ ಒಂದೇ. ಬ್ಯಾಂಕ್ 4,600 ಟಿಡಿಎಸ್ ಹಿಡಿದು ಮಿಕ್ಕಿದ್ದನ್ನು ಖಾತೆಗೆ ಹಾಕಿದೆ, ಇವಳು ಪಾಸ್‌ಬುಕ್ ನೋಡಿ ಕೈಗೆ ಬಂದಷ್ಟನ್ನು ಬರೆದಿದ್ದಾಳೆ. ಆದಾಯ ಅಂತ ತೋರಿಸಬೇಕಾದ್ದು ಪೂರ್ತಿ 46,000. ಹಿಡಿದ 4,600 ಕಟ್ಟಿದ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಉಳಿತಾಯ ಖಾತೆಯ ಬಡ್ಡಿ 7,200 ಶೀಟಲ್ಲಿ ಇರಲೇ ಇಲ್ಲ. ಹಳೆ ಪದ್ಧತಿಯಲ್ಲಿ 80ಟಿಟಿಎ ಅಡಿ 10,000ದವರೆಗೆ ಅದನ್ನು ಕಳೆಯಬಹುದು, ಹಾಗಾಗಿ ಅವಳಿಗೆ ನಷ್ಟವೇನೂ ಇಲ್ಲ. ಆದರೂ ಮೊದಲು ಆದಾಯದಲ್ಲಿ ತೋರಿಸಿ ಆಮೇಲೆ ಕಳೆಯಬೇಕು. ಹಾಗಂತ ಎಐಎಸ್‌ನಲ್ಲಿ ಇರುವುದೆಲ್ಲ ಸರಿ ಅಂತಲೂ ಅಲ್ಲ. ಜಂಟಿ ಖಾತೆಯ ಬಡ್ಡಿ ಪೂರ್ತಿ ಒಬ್ಬರ ತಲೆಗೆ ಬಂದಿರುವುದುಂಟು. ಆಗ ಪೋರ್ಟಲ್‌ನಲ್ಲೇ ತಪ್ಪಿದೆ ಅಂತ ಫೀಡ್‌ಬ್ಯಾಕ್ ಕೊಡಬಹುದು. ಸುಮ್ನೆ ಕಣ್ಣು ಮುಚ್ಚಿಕೊಂಡು ಬೇರೆ ಅಂಕಿ ಹಾಕಬಾರದು.

ಈಗ ಕಾಗದಕ್ಕೆ ಬರುತ್ತೇನೆ. "ಏನು ಬಿಟ್ಟು ಹೋಗಿದೆ" ಅನ್ನುವ ಬದಲು "ಇದರಲ್ಲಿ ಯಾವುದನ್ನು ನಾನು ತೋರಿಸಲಾರೆ" ಅಂತ ಯಾರಾದರೂ ಕೇಳಲಿ ಅಂತ ನನಗೆ ಬಹಳ ದಿನದಿಂದ ಆಸೆ. ಈ ಶೀಟಲ್ಲಿ ಬಾಡಿಗೆ ತಿಂಗಳಿಗೆ 20,000 ಅಂತ ಹಾಕಿ, ಎಚ್‌ಆರ್‌ಎ ಅಂದರೆ ಮನೆ ಬಾಡಿಗೆ ಭತ್ಯೆಯ ವಿನಾಯಿತಿ 1,74,000 ಕಳೆದಿದ್ದಳು. ಕರಾರು ಪತ್ರ ಕೇಳಿದೆ. ಅದರಲ್ಲಿ 17,000 ಇತ್ತು. ಮಿಕ್ಕ 3,000 ಅಪಾರ್ಟ್‌ಮೆಂಟ್ ಸಂಘಕ್ಕೆ ಇವಳೇ ನೇರವಾಗಿ ಕಟ್ಟುತ್ತಿದ್ದ ನಿರ್ವಹಣೆ ವೆಚ್ಚ. ಅದು ಮನೆ ಮಾಲೀಕರಿಗೆ ಕೊಟ್ಟ ಬಾಡಿಗೆ ಅಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲೂ ಮಾಲೀಕರ ಹೆಸರಿಗೆ ಹೋಗಿದ್ದು 17,000 ಮಾತ್ರ. ಅವಳ ಸಂಬಳಕ್ಕೆ ವಿನಾಯಿತಿ ಬರುವುದು ಬಾಡಿಗೆಯಿಂದ ಮೂಲವೇತನದ ಶೇ 10 ಕಳೆದಷ್ಟು. ಮೊದಲ ಕೆಲಸದಲ್ಲಿ ಮೂಲವೇತನ 50,000, ಹಾಗಾಗಿ ತಿಂಗಳಿಗೆ 12,000. ಎರಡನೆಯದರಲ್ಲಿ 60,000, ಹಾಗಾಗಿ 11,000. ವರ್ಷಕ್ಕೆ 1,38,000. ಶೀಟಲ್ಲಿ 36,000 ಜಾಸ್ತಿ ಕಳೆದಿತ್ತು. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದ್ದರಿಂದ ಮಾಲೀಕರ ಪ್ಯಾನ್ ಕೂಡ ಬೇಕಿತ್ತು. ಅದನ್ನು ಅವಳು ಕೇಳಿಯೇ ಇರಲಿಲ್ಲ.

ಅಪ್ಪ ಅಮ್ಮನ ಆರೋಗ್ಯ ವಿಮೆ 24,000 ಅಂತ 80ಡಿಯಲ್ಲಿ ಇತ್ತು. ರಸೀದಿ ಇದೆ. ಹಣ ಹೋಗಿರುವುದು ಅಪ್ಪನ ಖಾತೆಯಿಂದ.

"ಅಪ್ಪ ಕಟ್ಟಿದ್ರೂ ನಾನು ಕಟ್ಟಿದ ಹಾಗೇ ಅಲ್ವಾ ಸರ್?"

ಅಲ್ಲಮ್ಮ. ಕಟ್ಟಿದವರಿಗೇ ಅದು ಸೇರುವುದು. ನಿನ್ನ ಖಾತೆಯಿಂದ ಹೋಗಿದ್ದರೆ ಖಂಡಿತ ಕಳೆಯಬಹುದಿತ್ತು. ಪ್ರೀಮಿಯಂ ನಗದಾಗಿ ಕಟ್ಟಿದ್ದರೂ ಸಿಗುವುದಿಲ್ಲ. ಇಂಥದ್ದನ್ನು ಗೊತ್ತಿದ್ದೂ ಹಾಕಿದರೆ ಅದು ಸುಳ್ಳು ಕ್ಲೇಮ್ ಆಗುತ್ತದೆ. ತಪ್ಪು ಮಾಹಿತಿ ಕೊಟ್ಟು ತಪ್ಪಿಸಿದ ತೆರಿಗೆಗೆ ದಂಡ ಶೇ 200ರವರೆಗೆ ಇದೆ. "ಯಾರು ನೋಡ್ತಾರೆ ಬಿಡಿ" ಅನ್ನುವವರ ಶೀಟನ್ನು ನಾನು ಮುಟ್ಟುವುದಿಲ್ಲ.

ಬಿಟ್ಟು ಹೋದ ಡಿಡಕ್ಷನ್ ಇತ್ತಾ? ಇತ್ತು. ಪಿಎಫ್ ಥರದ ಉಳಿತಾಯಕ್ಕೆ ಸಿಗುವ 80ಸಿ ಮೊತ್ತವನ್ನು ಅವಳು ಎರಡನೇ ಕಂಪನಿಯ ಫಾರ್ಮ್ 16ರಿಂದ ಮಾತ್ರ ತೆಗೆದುಕೊಂಡಿದ್ದಳು, 1,03,200. ಮೊದಲ ಕಂಪನಿಯಲ್ಲಿ ಆರು ತಿಂಗಳು ಸಂಬಳದಿಂದ ಕಡಿತವಾದ ಪಿಎಫ್ 36,000 ಹೊರಗೇ ಉಳಿದಿತ್ತು. ಸೇರಿಸಿದರೆ 1,39,200, ಮಿತಿಯಾದ ಒಂದೂವರೆ ಲಕ್ಷದ ಒಳಗೇ ಇದೆ. ಕೆಲಸ ಬದಲಾಯಿಸಿದವರು ಹಳೆ ಕಂಪನಿಯ ಪೇಸ್ಲಿಪ್ ತೆಗೆದು ಈ ಒಂದು ಸಾಲನ್ನು ನೋಡಲೇಬೇಕು.

ಎಲ್ಲ ಸರಿಮಾಡಿದ ಮೇಲೆ ತೆರಿಗೆಗೆ ಒಳಪಡುವ ಆದಾಯ 10,38,800 ಆಯಿತು. ತೆರಿಗೆ ಸುಮಾರು 1,29,100. ಅವಳ ಲೆಕ್ಕಕ್ಕಿಂತ 20,000ಕ್ಕೂ ಜಾಸ್ತಿ. ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ.

ಆಗ ಅದೇ ಆದಾಯವನ್ನು ಹೊಸ ಪದ್ಧತಿಯಲ್ಲಿ ಹಾಕಿ ತೋರಿಸಿದೆ. ಸಂಬಳ 13,20,000ದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದು, ಎರಡೂ ಬಡ್ಡಿ ಸೇರಿಸಿದರೆ 12,98,200. ಎಚ್‌ಆರ್‌ಎ ಇಲ್ಲ, 80ಸಿ ಇಲ್ಲ, ವಿಮೆ ಇಲ್ಲ. ಆ ವರ್ಷದ ದರದಲ್ಲಿ ತೆರಿಗೆ ಸುಮಾರು 1,03,600. ಅವಳು ತಪ್ಪು ತಪ್ಪಾಗಿ ಕಳೆದು ತಂದಿದ್ದ ಮೊತ್ತಕ್ಕಿಂತಲೂ ಕಡಿಮೆ! ಆ ಬಾಡಿಗೆ, ಆ ವಿಮೆ, ಯಾವುದೂ ಬೇಕಾಗಿಯೇ ಇರಲಿಲ್ಲ. ಕಂಪನಿ ಹಳೆ ಪದ್ಧತಿಯಲ್ಲಿ ಟಿಡಿಎಸ್ ಹಿಡಿದಿದ್ದರೂ ರಿಟರ್ನ್ ಹಾಕುವಾಗ ಹೊಸದನ್ನು ಆರಿಸಬಹುದು.

ಎಲ್ಲರಿಗೂ ಹೀಗೇ ಬರುವುದಿಲ್ಲ. ಗೃಹ ಸಾಲದ ಬಡ್ಡಿ ಎರಡು ಲಕ್ಷ ಇದ್ದು, ಬಾಡಿಗೆಯೂ ದೊಡ್ಡದಿದ್ದು, 80ಸಿ ತುಂಬಿದ್ದರೆ ಹಳೆಯದೇ ಮೇಲಾಗಬಹುದು. ದರಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಪ್ರತಿ ವರ್ಷ ಎರಡನ್ನೂ ಹಾಕಿ ನೋಡಬೇಕು. ಸಂಬಳದವರು ಹಳೆಯದನ್ನು ಆರಿಸುವುದಾದರೆ ಕೊನೆಯ ದಿನಾಂಕದೊಳಗೆ ರಿಟರ್ನ್ ಹಾಕಿರಬೇಕು. ತಡವಾದರೆ ಹೊಸದೇ ಗತಿ. ಹಾಗಾಗಿ ಶೀಟ್ ಕಳಿಸುವವರು ಕೊನೆಯ ವಾರದವರೆಗೆ ಕಾಯಬೇಡಿ. ಜೊತೆಗೆ ಎಐಎಸ್, ಎಲ್ಲ ಫಾರ್ಮ್ 16, ಬಾಡಿಗೆ ಕರಾರು, ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸಿ.