ರಿಜಿಸ್ಟ್ರಿಯಲ್ಲಿದ್ದ 24 ಗಂಟೆ ಪೇಪರಲ್ಲಿ 6 ಗಂಟೆ ಆಗಿತ್ತು

ನಾನು ಮಂಗಳೂರಿನ ಒಂದು ಮೆಡಿಕಲ್ ಕಾಲೇಜಲ್ಲಿ ಸ್ಟ್ಯಾಟಿಸ್ಟಿಕ್ಸ್ ನೋಡಿಕೊಳ್ಳೋದು. ಥೀಸಿಸ್ ಸಮಯ ಬಂತು ಅಂದ್ರೆ ಪಿಜಿಗಳು ಒಂದು ಹಳೇ ಪೇಪರ್ ಹಿಡ್ಕೊಂಡು ಬರ್ತಾರೆ, ಸರ್ ಇದ್ರಿಂದ ಸ್ಯಾಂಪಲ್ ಸೈಜ್ ಮಾಡಿ ಕೊಡಿ ಅಂತ. ವರ್ಷಗಟ್ಟಲೆ ನಾನೂ ಟೇಬಲ್ ನೋಡಿ ಮೀನ್, ಎಸ್‌ಡಿ ತಗೊಂಡು ಲೆಕ್ಕ ಮಾಡಿ ಕೊಡ್ತಿದ್ದೆ, ಪೇಪರ್ ಪೂರ್ತಿ ಓದ್ತಾ ಇರ್ಲಿಲ್ಲ. ಅದು ತಪ್ಪು ಅಂತ ಗೊತ್ತಾದದ್ದು ಒಂದು ಮಳೆಗಾಲದ ಮಧ್ಯಾಹ್ನ.

ಅನಸ್ತೇಶಿಯಾದ ಒಬ್ಳು ಪಿಜಿ ತಂದ ಪೇಪರ್, ಆಪರೇಷನ್ ಆದ ಮೇಲೆ ನೋವು ಕಮ್ಮಿ ಮಾಡುವ ಒಂದು ಬ್ಲಾಕ್ ಬಗ್ಗೆ. (ಪೇಪರಿನ ಗುರುತು ಸಿಗದ ಹಾಗೆ ಸಂಖ್ಯೆಗಳನ್ನ ಸ್ವಲ್ಪ ಬದಲಾಯಿಸಿದ್ದೇನೆ.) 6 ಗಂಟೆಗೆ ಪೇನ್ ಸ್ಕೋರ್ ಹಳೇ ವಿಧಾನದಲ್ಲಿ 4.71, ಹೊಸದರಲ್ಲಿ 3.91, ಎಸ್‌ಡಿ ಎರಡರಲ್ಲೂ 1.50, ಪಿ = 0.027. ಆ 0.8 ವ್ಯತ್ಯಾಸ ಹಿಡಿದ್ರೆ 80 ಶೇಕಡಾ ಪವರ್‌ಗೆ ಗ್ರೂಪಿಗೆ 56 ಜನ. ಬರೆದು ಕೊಡ್ಲಿಕ್ಕೆ ಪೆನ್ನು ತೆಗೆದೂ ಆಗಿತ್ತು. ಆಗ ಅವಳೇ ಕೇಳಿದ್ಲು, "ಸರ್, ನಮ್ಮ ವಾರ್ಡಲ್ಲಿ ನಾವು 24 ಗಂಟೆಯದ್ದೇ ಮುಖ್ಯ ಅಂತ ನೋಡೋದಲ್ವಾ, ಇವ್ರು ಎಂತಕ್ಕೆ 6 ಗಂಟೆ ಹಿಡಿದದ್ದು?"

ಪೇಪರಲ್ಲಿ ಉತ್ತರ ಇರ್ಲಿಲ್ಲ. ಏನು, ಯಾವಾಗ ಅಳೀತೇವೆ ಅಂತ ಟ್ರಯಲ್‌ನವರು ಮೊದ್ಲೇ ದಾಖಲಿಸುವ ರಿಜಿಸ್ಟ್ರಿ ಒಂದು ಉಂಟು, ಮೆಥಡ್ಸ್‌ನಲ್ಲಿ ಅದ್ರ CTRI/ ಅಂತ ಶುರುವಾಗುವ ನಂಬರ್ ಇತ್ತು, ಅದನ್ನ ctri.nic.in ನಲ್ಲಿ ಹಾಕಿದ್ವಿ. ಅಲ್ಲಿ Primary Outcome ಅಂತ ಒಂದು ಟೇಬಲ್ ಇರ್ತದೆ, ಅದ್ರ ಪಕ್ಕದಲ್ಲೇ TimePoints ಅಂತ ಕಾಲಂ. ತುಂಬಾ ಜನ ಔಟ್‌ಕಮ್ ಹೆಸ್ರು ಮಾತ್ರ ಹೋಲಿಸಿ ಸರಿ ಉಂಟು ಅಂತ ಬಿಡ್ತಾರೆ. ಹೆಸ್ರು ಇಲ್ಲೂ ಅದೇ, ಪೇನ್ ಸ್ಕೋರ್. ಟೈಮ್ ಮಾತ್ರ 24 ಗಂಟೆ. ಪೇಪರಲ್ಲಿ 24 ಗಂಟೆಯದ್ದು ಒಂದು ಗ್ರಾಫಿನ ಚುಕ್ಕಿ ಆಗಿ ಉಳಿದಿತ್ತು ಅಷ್ಟೆ, ಸಂಖ್ಯೆ ಇಲ್ಲ, ಪಿ ವ್ಯಾಲ್ಯೂ ಇಲ್ಲ, ಮತ್ತೆ ಅಲ್ಲಿ ಎರಡು ಗೆರೆಗಳೂ ಹೆಚ್ಚುಕಮ್ಮಿ ಒಂದೇ ಕಡೆ.

ನೋವು ಅಳೆದದ್ದು 2, 4, 6, 12, 24, 48 ಗಂಟೆಗೆ, ಅಂದ್ರೆ ಆರು ಸಲ. ಬ್ಲಾಕ್‌ನಿಂದ ಏನೂ ಪ್ರಯೋಜನ ಇಲ್ಲದಿದ್ರೂ ಆರು ಬೇರೆ ಬೇರೆ ಪರೀಕ್ಷೆ ಮಾಡಿದ್ರೆ ಎಲ್ಲಾದ್ರೂ ಒಂದರಲ್ಲಿ 0.05ಕ್ಕಿಂತ ಕಮ್ಮಿ ಬರುವ ಸಾಧ್ಯತೆ ಸುಮಾರು 26 ಶೇಕಡಾ. ಇಲ್ಲಿ ಒಬ್ಬರದ್ದೇ ನೋವು ಮತ್ತೆ ಮತ್ತೆ ಅಳೆಯೋದು, 4 ಗಂಟೆಗೆ ಜಾಸ್ತಿ ಇದ್ದವರಿಗೆ 6 ಗಂಟೆಗೂ ಜಾಸ್ತಿನೇ ಇರ್ತದೆ, ಹಾಗಾಗಿ 26 ಅಷ್ಟು ಆಗ್ಲಿಕ್ಕಿಲ್ಲ, ಆದ್ರೆ 5 ಶೇಕಡಾ ಅಂತೂ ಅಲ್ಲ.

ಅಷ್ಟಾದ ಮೇಲೆ ಆ ಪಿ ವ್ಯಾಲ್ಯೂನೇ ನೋಡುವ ಅನಿಸ್ತು. ಸೇರಿಸಿದ್ದು 60 ಜನ, ಲೆಕ್ಕದಲ್ಲಿ ಇದ್ದದ್ದು 27 ಮತ್ತೆ 28, ಉಳಿದ ಐದು ಜನ ಎಲ್ಲಿ ಅಂತ ಒಂದು ಸಾಲೂ ಇಲ್ಲ. ಆರ್‌ನಲ್ಲಿ ಹಾಕಿದ್ದು ಇಷ್ಟೆ:

```
t <- (4.71 - 3.91) / (1.5 * sqrt(1/27 + 1/28))
2 * pt(-t, df = 53)
pt(-t, df = 53)
```

ಎರಡನೇ ಸಾಲಿಗೆ 0.053 ಬಂತು. ಮೂರನೇದಕ್ಕೆ 0.027, ಪೇಪರಲ್ಲಿ ಇದ್ದದ್ದು ಅದೇ. ಅಂದ್ರೆ ವ್ಯತ್ಯಾಸವನ್ನ ಒಂದೇ ದಿಕ್ಕಿನಲ್ಲಿ ಮಾತ್ರ ಹುಡುಕುವ ಒನ್ ಟೇಲ್ಡ್ ಟೆಸ್ಟ್ ಮಾಡಿ ಅದನ್ನ ಎಲ್ಲೂ ಹೇಳಿಲ್ಲ. ಪಿ ಸರಿಯಾಗಿ ಅರ್ಧ ಆಗಿ ಕಂಡ್ರೆ ನಾನು ಈಗ ಮೊದಲು ನೋಡೋದೇ ಇದು. ಮೀನ್ ಒಂದೇ ದಶಾಂಶಕ್ಕೆ ಕೊಟ್ಟಿದ್ರೆ ಮಾತ್ರ ಈ ಲೆಕ್ಕ ಅಷ್ಟು ಗಟ್ಟಿ ನಿಲ್ಲೋದಿಲ್ಲ, ಯಾಕಂದ್ರೆ ರೌಂಡಿಂಗ್‌ನಲ್ಲೇ ವ್ಯತ್ಯಾಸ 0.7ರಿಂದ 0.9ರ ತನಕ ಎಲ್ಲಿ ಬೇಕಾದ್ರೂ ಇರಬಹುದು.

ಇಷ್ಟು ಸಿಕ್ಕಿತು ಅಂತ ಬರೆದವರು ಮೋಸ ಮಾಡಿದ್ರು ಅಂತ ನಾನು ಹೇಳೋದಿಲ್ಲ. ಡೇಟಾ ನೋಡುವ ಮೊದ್ಲೇ ಎಥಿಕ್ಸ್ ಕಮಿಟಿ ಒಪ್ಪಿಗೆ ತಗೊಂಡು ಟೈಮ್ ಬದಲಾಯಿಸಿರಬಹುದು, ಹಾಗಿದ್ರೆ ರಿಜಿಸ್ಟ್ರಿಯಲ್ಲಿ ತಿದ್ದುಪಡಿ ಇರಬೇಕು, ಪೇಪರಲ್ಲೂ ಒಂದು ಸಾಲು ಇರಬೇಕು. ಇಲ್ಲಿ Last Modified On ತಾರೀಕು ಮೊದಲ ರೋಗಿಯನ್ನ ಸೇರಿಸುವ ಮುಂಚಿನದ್ದು, ಆ ಮೇಲೆ ಏನೂ ಮುಟ್ಟಿಲ್ಲ. ಲೇಖಕರಿಗೆ ಮೇಲ್ ಬರೆದ್ವಿ, 24 ಗಂಟೆಯ ಮೀನ್, ಎಸ್‌ಡಿ ಕೊಡ್ತೀರಾ ಅಂತ ಮರ್ಯಾದೆಯಲ್ಲೇ ಕೇಳಿದ್ದು. ಉತ್ತರ ಬರ್ಲಿಲ್ಲ.

ನನಗೆ ಹೆದರಿಕೆ ಆದದ್ದು ಆ 56 ನೆನೆಸಿ. ಆರರಲ್ಲಿ ಚಂದ ಕಂಡದ್ದನ್ನ ಆರಿಸಿದ್ರೆ ಆ ವ್ಯತ್ಯಾಸ ನಿಜಕ್ಕಿಂತ ದೊಡ್ಡದಾಗಿಯೇ ಇರೋದು ಜಾಸ್ತಿ. ನಿಜವಾದ್ದು 0.4 ಆಗಿದ್ರೆ ಬೇಕಾದದ್ದು ಗ್ರೂಪಿಗೆ ಸುಮಾರು 220. ಎರಡು ವರ್ಷ ಕಷ್ಟಪಟ್ಟು 112 ಜನರನ್ನ ಸೇರಿಸಿ ಕೊನೆಗೆ ಏನೂ ಸಿಗ್ಲಿಲ್ಲ ಅಂತ ಅವಳು ಬರೀಬೇಕಾಗ್ತಿತ್ತು, ತಪ್ಪು ನನ್ನ ಲೆಕ್ಕದ್ದು.

ಆ ಪೇಪರಿನ 0.8 ಬಿಟ್ವಿ. ಎಷ್ಟು ಕಮ್ಮಿ ಆದ್ರೆ ರೋಗಿಗೆ ನಿಜವಾಗಿ ಗೊತ್ತಾಗ್ತದೆ ಅಂತ ಅವಳ ಗೈಡ್ ಹತ್ರ ಕೂತು ಮಾತಾಡಿ 1 ಪಾಯಿಂಟ್ ಅಂತ ಇಟ್ಟುಕೊಂಡದ್ದು, 24 ಗಂಟೆಗೆ, ಟೂ ಟೇಲ್ಡ್, ಎಸ್‌ಡಿ ನಮ್ಮದೇ ವಾರ್ಡಿನ ಹಳೇ ಕೇಸ್ ಶೀಟ್‌ಗಳಿಂದ. ಮೊದಲ ರೋಗಿ ಬರುವ ಮುಂಚೆ ಅದನ್ನೇ ರಿಜಿಸ್ಟ್ರಿಯಲ್ಲಿ ಹಾಕಿದ್ಲು, TimePoints ಕಾಲಂನಲ್ಲಿ ಒಂದೇ ಒಂದು ಗಂಟೆ ಬರೆದು.