ಮೊದಲ ಕಂತೇ ಬಾರದ ಸಾಲಗಳು: ಅಮೆರಿಕದ ಮನೆಸಾಲದ ಗುಳ್ಳೆ ನನ್ನ ಮೇಜಿನಿಂದ ಕಂಡ ಹಾಗೆ

ಈಗ ನಾನು ಒಂದು ಎನ್‌ಬಿಎಫ್‌ಸಿಯ, ಅಂದರೆ ಬ್ಯಾಂಕಲ್ಲದ ಸಾಲ ಕಂಪನಿಯ, ರಿಸ್ಕ್ ವಿಭಾಗದಲ್ಲಿದ್ದೇನೆ. ಆದರೆ ಸಾಲದ ಗುಳ್ಳೆ ಹೇಗೆ ಊದುತ್ತದೆ, ಹೇಗೆ ಒಡೆಯುತ್ತದೆ ಎಂದು ಕಲಿತದ್ದು ಅದಕ್ಕಿಂತ ಮೊದಲಿನ ಕೆಲಸದಲ್ಲಿ. 2005ರಿಂದ 2008ರವರೆಗೆ ಬೆಂಗಳೂರಿನ ಒಂದು ಬಿಪಿಒದಲ್ಲಿ ರಾತ್ರಿ ಪಾಳಿಯಲ್ಲಿ ಕೂತು ಅಮೆರಿಕದ ಮನೆಸಾಲದ ಕಡತಗಳನ್ನು ನೋಡುತ್ತಿದ್ದೆ. ಸಾಲ ಕೊಡಬೇಕೋ ಬೇಡವೋ ಎಂಬ ತೀರ್ಮಾನ ಅಲ್ಲಿನವರದ್ದು. ಸ್ಕ್ಯಾನ್ ಆಗಿ ಬಂದ ಅರ್ಜಿಯ ವಿವರ ಸಿಸ್ಟಮ್‌ಗೆ ಏರಿಸುವುದು, ಚೆಕ್‌ಲಿಸ್ಟ್ ಪ್ರಕಾರ ಕಾಗದಗಳಿವೆಯೇ ನೋಡುವುದು, ಇಲ್ಲದಿದ್ದರೆ ಗುರುತು ಹಾಕುವುದು ನಮ್ಮ ಕೆಲಸ. ಹೆಚ್ಚಿನವು ಸಬ್‌ಪ್ರೈಮ್ ಸಾಲಗಳು, ಅಂದರೆ ಹಿಂದೆ ಕಂತು ತಪ್ಪಿಸಿದವರಿಗೆ, ಕ್ರೆಡಿಟ್ ಸ್ಕೋರ್ ಕಡಿಮೆ ಇದ್ದವರಿಗೆ ಹೆಚ್ಚು ಬಡ್ಡಿಗೆ ಕೊಡುವ ಸಾಲಗಳು.

ನಮ್ಮ ತಂಡದಲ್ಲಿ ಸರ್ಕಾರಿ ಬ್ಯಾಂಕಿನಿಂದ ವಿಆರ್‌ಎಸ್ ತೆಗೆದುಕೊಂಡು ಬಂದ ಹಿರಿಯರೊಬ್ಬರಿದ್ದರು. ತರಬೇತಿಯಲ್ಲೇ ಅವರು ಕೇಳಿದ್ದು, "ಅಲ್ಲಪ್ಪ, ಸ್ಯಾಲರಿ ಸ್ಲಿಪ್ ಎಲ್ಲಿ?" ಚೆಕ್‌ಲಿಸ್ಟ್‌ನಲ್ಲಿ ಆ ಜಾಗದ ಎದುರು "ಬೇಕಾಗಿಲ್ಲ" ಎಂದಿತ್ತು. ಇವು "ಸ್ಟೇಟೆಡ್ ಇನ್‌ಕಮ್" ಸಾಲಗಳು. ಸಾಲಗಾರ ತನ್ನ ಆದಾಯ ಇಷ್ಟು ಎಂದು ಬರೆದರೆ ಸಾಕಿತ್ತು, ದಾಖಲೆ ಕೇಳುತ್ತಿರಲಿಲ್ಲ. ತಮಾಷೆಯೆಂದರೆ ಪ್ರತಿ ಕಡತದಲ್ಲೂ 4506-ಟಿ ಎಂಬ ಸಹಿ ಮಾಡಿದ ಫಾರಂ ಇರುತ್ತಿತ್ತು. ಅದನ್ನು ಕಳಿಸಿದರೆ ಅಮೆರಿಕದ ತೆರಿಗೆ ಇಲಾಖೆ ಆ ವ್ಯಕ್ತಿ ಘೋಷಿಸಿದ ನಿಜವಾದ ಆದಾಯವನ್ನು ತಿಳಿಸುತ್ತಿತ್ತು. ನಾವು ನೋಡಬೇಕಿದ್ದದ್ದು ಸಹಿ ಇದೆಯೇ ಎಂದು ಮಾತ್ರ. ಕಳಿಸಿ ನೋಡಿದವರು ಕಡಿಮೆ. ಮಾರ್ಟ್‌ಗೇಜ್ ಅಸೆಟ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ 2006ರಲ್ಲಿ ಇಂಥ 100 ಸಾಲಗಳನ್ನು ತೆರಿಗೆ ದಾಖಲೆಯೊಂದಿಗೆ ಹೋಲಿಸಿದ ವರದಿ ಬಂತು. ಹೆಚ್ಚುಕಡಿಮೆ 60 ಜನ ತಮ್ಮ ಆದಾಯವನ್ನು ಅರ್ಧಕ್ಕಿಂತಲೂ ಹೆಚ್ಚು ಉಬ್ಬಿಸಿ ಬರೆದಿದ್ದರು.

ಇದನ್ನು ಹೇಳಿದರೆ ಎಲ್ಲರೂ "ಅಷ್ಟು ದಡ್ಡರೇ ಅವರು?" ಎನ್ನುತ್ತಾರೆ. ದಡ್ಡರಲ್ಲ. ಸಾಲಗಾರನ ಸಂಬಳದಿಂದ ಸಾಲ ತೀರಬೇಕೆಂಬ ನಿರೀಕ್ಷೆಯೇ ಅಲ್ಲಿರಲಿಲ್ಲ, ಅದಕ್ಕೇ ಸ್ಲಿಪ್ ಕೇಳಲಿಲ್ಲ. ನನಗೆ ಇದು ಅರ್ಥವಾದದ್ದು ಕಂತಿನ ಲೆಕ್ಕ ಬಿಡಿಸಿ ನೋಡಿದಾಗ.

ಆಗ ಹೆಚ್ಚು ಓಡುತ್ತಿದ್ದ ಸಾಲಕ್ಕೆ "2/28" ಎಂದು ಹೆಸರು. 30 ವರ್ಷದ ಸಾಲ. ಮೊದಲ 2 ವರ್ಷ ಬಡ್ಡಿ ಸ್ಥಿರ, ಆಮೇಲಿನ 28 ವರ್ಷ ಮಾರುಕಟ್ಟೆಯ ಬಡ್ಡಿದರದ ಮೇಲೆ ಒಂದಿಷ್ಟು ಸೇರಿಸಿದ ದರ. ಒಂದು ಮಾದರಿ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಕಡೆ 3,00,000 ಡಾಲರಿನ ಮನೆ, ಕೈಯಿಂದ ಒಂದು ಡಾಲರೂ ಹಾಕದೆ ಪೂರ್ತಿ ಸಾಲ. ಮೊದಲ ಎರಡು ವರ್ಷ ಬಡ್ಡಿ ಶೇ. 7 ಎಂದರೆ ತಿಂಗಳ ಕಂತು ಸುಮಾರು 1,996 ಡಾಲರ್. ಎರಡು ವರ್ಷ ಕಟ್ಟಿದ ಮೇಲೆ ಬಾಕಿ ಸುಮಾರು 2,94,000. ಆಗ ದರ ಬದಲಾಗುತ್ತದೆ. ಒಮ್ಮೆಗೆ ಶೇ. 3ಕ್ಕಿಂತ ಹೆಚ್ಚು ಏರಿಸುವಂತಿಲ್ಲ ಎಂಬ ಮಿತಿ ಇದ್ದರೂ ಶೇ. 10 ಆಗುತ್ತದೆ, ಕಂತು ಸುಮಾರು 2,608ಕ್ಕೆ ಹಾರುತ್ತದೆ. ಆರು ತಿಂಗಳಾದ ಮೇಲೆ ಮತ್ತೆ ಏರಬಹುದು. ಇಂಥ ಮನೆಯವರ ನಿಜವಾದ ಆದಾಯ ತಿಂಗಳಿಗೆ ಮೂರು ಸಾವಿರದ ಆಸುಪಾಸು ಎಂದಿಟ್ಟುಕೊಳ್ಳಿ. 2,608 ಕಟ್ಟಿ ಬದುಕುವುದು ಸಾಧ್ಯವೇ ಇಲ್ಲ. ಸಾಲ ಕೊಟ್ಟವನಿಗೂ ಇದು ಗೊತ್ತು.

ಹಾಗಾದರೆ ತೀರುವುದು ಹೇಗೆ? ಎರಡು ವರ್ಷದಲ್ಲಿ ಮನೆಯ ಬೆಲೆ ಶೇ. 20 ಏರಿ 3,60,000 ಆಗುತ್ತದೆ. ಆ ಬೆಲೆಯ ಶೇ. 95ರಷ್ಟು, ಅಂದರೆ 3,42,000 ಡಾಲರಿನ ಹೊಸ ಸಾಲ ಎತ್ತುತ್ತಾರೆ. ಅದರಿಂದ ಹಳೆಯ 2,94,000 ತೀರುತ್ತದೆ, ಶುಲ್ಕ, ದಂಡ, ದಲ್ಲಾಳಿ ಖರ್ಚೆಲ್ಲ ಸೇರಿ 15,000 ಹೋಗುತ್ತದೆ, ಇನ್ನೂ 33,000 ಡಾಲರ್ ಕೈಗೆ ನಗದಾಗಿ ಬರುತ್ತದೆ. ಜೊತೆಗೆ ಹೊಸದಾಗಿ ಎರಡು ವರ್ಷ ಕಡಿಮೆ ಬಡ್ಡಿ. ಊರಲ್ಲಿ ಕೈಸಾಲ ತೀರಿಸಲು ಇನ್ನೊಬ್ಬರ ಹತ್ತಿರ ಕೈಸಾಲ ಮಾಡುತ್ತಾರಲ್ಲ, ಅದೇ. ಇಲ್ಲಿ ಮಾತ್ರ ಪ್ರತಿ ಸುತ್ತಿಗೂ ಎಲ್ಲರಿಗೂ ಲಾಭ.

ಇದರಲ್ಲಿ ಸೂಕ್ಷ್ಮವಾದದ್ದೊಂದಿದೆ. ಹಳೆಯ ಸಾಲ ಹೀಗೆ ತೀರಿದಾಗ ದಾಖಲೆಯಲ್ಲಿ ಏನು ಬೀಳುತ್ತದೆ? "ಪೂರ್ತಿ ಮರುಪಾವತಿ." ಅಂದರೆ ಕಟ್ಟಲಾಗದವನ ಸಾಲ ಅಂಕಿಅಂಶದಲ್ಲಿ ಅತಿ ಒಳ್ಳೆಯ ಸಾಲವಾಗಿ ಕೂರುತ್ತದೆ. ಇಂಥ ಸಾಲಗಳಲ್ಲಿ ನಷ್ಟ ತೀರಾ ಕಡಿಮೆ ಎಂದು ರೇಟಿಂಗ್ ಕೊಡುವವರು ನಂಬಿದ್ದು ಇದೇ ಅಂಕಿಗಳನ್ನು ನೋಡಿ. ಬೆಲೆ ಏರಿದ್ದಕ್ಕೆ ಸಾಲ ಸುರಕ್ಷಿತವಾಗಿ ಕಂಡಿತು, ಸುರಕ್ಷಿತವಾಗಿ ಕಂಡದ್ದಕ್ಕೆ ಇನ್ನಷ್ಟು ಸಾಲ ಹರಿಯಿತು, ಆ ಸಾಲದಿಂದಲೇ ಬೆಲೆ ಮತ್ತೆ ಏರಿತು.

ಅಷ್ಟು ದುಡ್ಡು ಎಲ್ಲಿಂದ ಬಂತು ಎಂಬುದಕ್ಕೆ ಬಡ್ಡಿದರ ನೋಡಬೇಕು. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ 2003ರ ಜೂನ್‌ನಲ್ಲಿ ತನ್ನ ದರವನ್ನು ಶೇ. 1ಕ್ಕೆ ಇಳಿಸಿ ಒಂದು ವರ್ಷ ಅಲ್ಲೇ ಇಟ್ಟಿತ್ತು. ಸಾಲಗಾರನಿಗೆ ಕಂತು ಅಗ್ಗವಾದದ್ದು ಎಲ್ಲರಿಗೂ ಕಾಣುತ್ತದೆ. ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಇನ್ನೊಂದು ತುದಿಯಲ್ಲಿ. ಪಿಂಚಣಿ ನಿಧಿಗಳು, ವಿಮಾ ಕಂಪನಿಗಳು, ಯುರೋಪಿನ ಬ್ಯಾಂಕುಗಳು ಸುರಕ್ಷಿತ ಬಾಂಡ್‌ನಲ್ಲಿ ಸಿಗುವ ಬಡ್ಡಿ ಸಾಲದೆ ಸ್ವಲ್ಪ ಹೆಚ್ಚು ಕೊಡುವ ಕಾಗದ ಹುಡುಕುತ್ತಿದ್ದವು. ಸಾವಿರಾರು ಮನೆಸಾಲ ಒಂದು ಕಟ್ಟಾಗಿ ಒಟ್ಟುಗೂಡಿಸಿ, ಅದನ್ನು ಪದರಗಳಾಗಿ ಸೀಳಿ, ಮೊದಲ ನಷ್ಟವೆಲ್ಲ ಕೆಳಗಿನ ಪದರ ಕೊಂಡವರಿಗೆ ಎಂದು ಬರೆದು, ಮೇಲಿನ ಸುಮಾರು ಶೇ. 80ರಷ್ಟಕ್ಕೆ ಅತಿ ಸುರಕ್ಷಿತ ಎಂಬ ಎಎಎ ರೇಟಿಂಗ್ ಹಾಕಿಸಿ ಮಾರಿದರೆ ಕೊಳ್ಳುವವರು ಸಾಲುಗಟ್ಟಿದ್ದರು. ನಮ್ಮ ಮೇಲೆ "ಇವತ್ತೇ ಮುಗಿಸಿ" ಎಂಬ ಒತ್ತಡ ಬರುತ್ತಿದ್ದದ್ದು ಮನೆ ಕೊಳ್ಳುವವನಿಗಾಗಿ ಅಲ್ಲ, ತಿಂಗಳ ಕೊನೆಗೆ ಕಟ್ಟು ತುಂಬಬೇಕಿತ್ತು, ಅದಕ್ಕೆ.

ಇದರ ಜೊತೆಗೆ ಒಂದು ಕಥೆಯೂ ಇತ್ತು. "ದೇಶದ ಒಂದು ಭಾಗದಲ್ಲಿ ಬೆಲೆ ಇಳಿಯಬಹುದು, ಇಡೀ ದೇಶದಲ್ಲಿ ಒಟ್ಟಿಗೆ ಇಳಿದದ್ದೇ ಇಲ್ಲ" ಎಂಬುದು ಆ ಕಾಲದ ಮಂತ್ರ. ಎರಡನೇ ಮಹಾಯುದ್ಧದ ನಂತರದ ಅಂಕಿಗಳನ್ನು ನೋಡಿದರೆ ಅದು ಹೆಚ್ಚುಕಡಿಮೆ ನಿಜವೇ. ಸುಳ್ಳು ಕಥೆಯಿಂದ ಗುಳ್ಳೆ ಹುಟ್ಟುತ್ತದೆ ಎಂದು ನಾನು ನಂಬುವುದಿಲ್ಲ. ಅಲ್ಲಿಯವರೆಗೆ ನಿಜವಾಗಿದ್ದ ಕಥೆಯೇ ಬೇಕು. ಟಿವಿಯಲ್ಲಿ, ದಲ್ಲಾಳಿಗಳ ಬಾಯಲ್ಲಿ ಇದ್ದಷ್ಟು ಹೊತ್ತು ಈ ಕಥೆಯಿಂದ ಅಂಥ ಅಪಾಯವಿರಲಿಲ್ಲ. ರೇಟಿಂಗ್ ಲೆಕ್ಕದ ಒಳಗೆ ಒಂದು ಊಹೆಯಾಗಿ ಹೊಕ್ಕಿತಲ್ಲ, ಆಗ ಅಪಾಯ ಶುರುವಾಯಿತು. ಸ್ಪ್ರೆಡ್‌ಶೀಟಿನ ಕೋಶದಲ್ಲಿ ಕೂತ ಕಥೆಯನ್ನು ಯಾರೂ ಪ್ರಶ್ನಿಸುವುದಿಲ್ಲ.

2004ರ ಜೂನ್‌ನಿಂದ ಫೆಡ್ ದರವನ್ನು 17 ಬಾರಿ ಏರಿಸಿ 2006ರ ಜೂನ್‌ಗೆ ಶೇ. 5.25ಕ್ಕೆ ತಂದಿತು. ಆ ವರ್ಷ ಮನೆಬೆಲೆಯ ಏರಿಕೆ ನಿಂತಿತು. ಮೇಲಿನ ಮಾದರಿಗೆ ಮರಳಿ ಬನ್ನಿ. ಬೆಲೆ ಇಳಿಯಬೇಕೆಂದೇ ಇಲ್ಲ, 3,00,000ದಲ್ಲೇ ನಿಂತಿದೆ ಎನ್ನಿ. ಬಾಕಿ 2,94,000, ಖರ್ಚು 15,000, ಹೊಸ ಸಾಲ 3,09,000 ಬೇಕು. ಮನೆಯ ಬೆಲೆಗಿಂತ ಹೆಚ್ಚು. ಸುತ್ತು ಅಲ್ಲಿಗೆ ಕಡಿಯಿತು.

ಬಡ್ಡಿ ಬದಲಾದಾಗ ಕಂತು ಜಿಗಿದದ್ದರಿಂದಲೇ ಜನ ಮುಳುಗಿದರು ಎಂದು ಈಗಲೂ ಬರೆಯುತ್ತಾರೆ. ಹಲವರ ವಿಷಯದಲ್ಲಿ ನಿಜ. ಆದರೆ ನಮ್ಮ ಸಿಸ್ಟಮ್‌ನಲ್ಲಿ ಮೊದಲು ಕೆಂಪಾದದ್ದು ಆ ಸಾಲಗಳಲ್ಲ. 2006ರ ದ್ವಿತೀಯಾರ್ಧದಲ್ಲಿ ಕೊಟ್ಟ ಸಾಲಗಳಲ್ಲಿ ಮೊದಲ ಕಂತು, ಎರಡನೇ ಕಂತೇ ಬರುತ್ತಿರಲಿಲ್ಲ. ದರ ಬದಲಾಗಲು ಇನ್ನೂ ಎರಡು ವರ್ಷ ಬಾಕಿ! ಅಂದರೆ ಇವರಿಗೆ ಆರಂಭದ ಅಗ್ಗದ ಕಂತೂ ಭಾರವೇ. ಸಾಲ ಎತ್ತಿ, ಆರು ತಿಂಗಳಲ್ಲಿ ಮಾರಿ, ಲಾಭ ಇಟ್ಟುಕೊಳ್ಳಲು ಬಂದವರೂ ಇವರಲ್ಲಿದ್ದರು, "ನಾನೇ ವಾಸಿಸುತ್ತೇನೆ" ಎಂಬ ಜಾಗದಲ್ಲಿ ಟಿಕ್ ಹಾಕಿ. ಈ ಸಾಲಗಳಿಗೆ ಆ ವ್ಯವಹಾರದಲ್ಲಿ ಇಪಿಡಿ ಎಂದು ಹೆಸರು, ಆರಂಭದಲ್ಲೇ ತಪ್ಪಿದವು.

ಇಪಿಡಿ ಯಾಕೆ ಮುಖ್ಯ ಎಂದರೆ ಸಾಲ ಕೊಟ್ಟ ಕಂಪನಿಯನ್ನು ಕೊಂದದ್ದು ಅದೇ. ಇಂಥ ಕಂಪನಿಗಳಿಗೆ ಠೇವಣಿ ಇರಲಿಲ್ಲ. ದೊಡ್ಡ ಬ್ಯಾಂಕುಗಳಿಂದ ಅಲ್ಪಾವಧಿಯ ಹಣ ಪಡೆದು ಸಾಲ ಕೊಡುತ್ತಿದ್ದವು, ಕೆಲವು ವಾರಗಳಲ್ಲಿ ಆ ಸಾಲಗಳನ್ನು ಮಾರಿ ಬ್ಯಾಂಕಿನ ಹಣ ತೀರಿಸುತ್ತಿದ್ದವು. 2,00,000 ಡಾಲರಿನ 1,000 ಸಾಲ, ಒಟ್ಟು 20 ಕೋಟಿ ಡಾಲರ್ ಎನ್ನೋಣ. ನೂರಕ್ಕೆ 102ರಂತೆ ಮಾರಿದರೆ 40 ಲಕ್ಷ ಡಾಲರ್ ಲಾಭ. ಆದರೆ ಒಪ್ಪಂದದ ಪ್ರಕಾರ ಮೊದಲ ಕಂತುಗಳು ತಪ್ಪಿದರೆ ಕೊಂಡವರು ಆ ಸಾಲವನ್ನು ವಾಪಸ್ ಮಾಡಬಹುದು. ನೂರರಲ್ಲಿ ಮೂರು ವಾಪಸ್ ಬಂದರೂ ತಕ್ಷಣ 60 ಲಕ್ಷ ಡಾಲರ್ ನಗದು ಕೊಡಬೇಕು, ಇಡೀ ಲಾಭಕ್ಕಿಂತ ಹೆಚ್ಚು. ವಾಪಸ್ ಬಂದದ್ದನ್ನು ನೂರಕ್ಕೆ 75ರಂತೆ ಮಾರಿದರೆ 15 ಲಕ್ಷ ನಷ್ಟ. ಇದನ್ನು ಕಂಡ ಮಾರುಕಟ್ಟೆ ಮುಂದಿನ ಕಟ್ಟಿಗೆ 102ರ ಬದಲು 98 ಕೊಡುತ್ತದೆ. ಆಗ ಬ್ಯಾಂಕು "ನಮ್ಮ ಅಡಮಾನದ ಬೆಲೆ ಇಳಿದಿದೆ, ಇನ್ನಷ್ಟು ಹಣ ಇಡಿ" ಎನ್ನುತ್ತದೆ. ಇಡಲು ಏನಿದೆ?

ಸಬ್‌ಪ್ರೈಮ್‌ನಲ್ಲಿ ಅತಿ ದೊಡ್ಡ ಕಂಪನಿಗಳಲ್ಲಿ ಒಂದಾದ ನ್ಯೂ ಸೆಂಚುರಿ ಮುಗಿದದ್ದು ಇದೇ ಕ್ರಮದಲ್ಲಿ. 2007ರ ಫೆಬ್ರವರಿಯಲ್ಲಿ, ವಾಪಸ್ ಬರುವ ಸಾಲಗಳಿಗೆ ತಾನು ತೆಗೆದಿಟ್ಟ ಲೆಕ್ಕ ಸರಿಯಿಲ್ಲ, 2006ರ ಲೆಕ್ಕಪತ್ರ ತಿದ್ದಬೇಕು ಎಂದಿತು. ಮಾರ್ಚ್‌ನಲ್ಲಿ ಬ್ಯಾಂಕುಗಳು ಹಣ ನಿಲ್ಲಿಸಿದವು. ಏಪ್ರಿಲ್ 2ಕ್ಕೆ ದಿವಾಳಿ ಅರ್ಜಿ. ಆ ಹೊತ್ತಿಗೆ ಅಮೆರಿಕದ ಮನೆಬೆಲೆ ತನ್ನ ತುದಿಯಿಂದ ಅಷ್ಟೇನೂ ಇಳಿದಿರಲಿಲ್ಲ. ಆಗಸ್ಟ್ 9ರಂದು ಫ್ರಾನ್ಸಿನ ಬ್ಯಾಂಕ್ ಬಿಎನ್‌ಪಿ ಪಾರಿಬಾ ಇಂಥ ಕಾಗದ ಕೊಂಡಿದ್ದ ತನ್ನ ಮೂರು ನಿಧಿಗಳಿಂದ ಹಣ ವಾಪಸ್ ಪಡೆಯುವುದನ್ನು ತಡೆಹಿಡಿಯಿತು. ಅಲ್ಲಿಂದ 2008ರಲ್ಲಿ ಲೇಮನ್ ಬ್ರದರ್ಸ್ ಬ್ಯಾಂಕ್ ಮುಳುಗುವವರೆಗಿನದ್ದು ನಿಮಗೆ ಗೊತ್ತೇ ಇದೆ. ನಮ್ಮ ಗ್ರಾಹಕ ಕಂಪನಿಯಿಂದ ಹೊಸ ಅರ್ಜಿಗಳು ನಿಂತು, ಅದೇ ತಂಡಕ್ಕೆ ಮನೆ ಜಪ್ತಿಯ ಕಡತಗಳು ಬರತೊಡಗಿದವು. ರಿವರ್‌ಸೈಡ್ ಕಡೆ ಮುಂದೆ ಬೆಲೆ ಅರ್ಧದಷ್ಟಕ್ಕೆ ಇಳಿಯಿತು.

ಇಷ್ಟು ಹೊತ್ತು ವರದಿಗಳಲ್ಲಿ ಏನೂ ಕಾಣಲಿಲ್ಲವೇ? ಕಾಣದಂತೆ ಮಾಡಿದ್ದು ಬೆಳವಣಿಗೆಯೇ. ಒಂದು ವರ್ಷ 1,000 ಸಾಲ ಕೊಟ್ಟಿರಿ, 50 ಕೆಟ್ಟವು, ಶೇ. 5. ಮುಂದಿನ ವರ್ಷ ಇನ್ನೂ 3,000 ಕೊಟ್ಟಿರಿ. ಹಳೆಯದರಲ್ಲಿ ಕೆಟ್ಟವು 80ಕ್ಕೆ ಏರಿದವು, ಹೊಸದಕ್ಕೆ ಕೆಡಲು ಸಮಯವೇ ಆಗಿಲ್ಲ, ಬರೀ 30. ಒಟ್ಟು 4,000ದಲ್ಲಿ 110, ಶೇ. 2.75. ಹಳೆಯ ಸಾಲಗಳು ಹದಗೆಡುತ್ತಿವೆ, ವರದಿಯಲ್ಲಿ ಮಾತ್ರ ಸುಧಾರಣೆ!

ಅದಕ್ಕೇ ಈಗಿನ ಕೆಲಸದಲ್ಲಿ ಒಟ್ಟು ಎನ್‌ಪಿಎ, ಅಂದರೆ ಕೆಟ್ಟ ಸಾಲಗಳ ಸಂಖ್ಯೆಯನ್ನು ನಾನು ಕೊನೆಗೆ ನೋಡುತ್ತೇನೆ. ಮೊದಲು ಕೇಳುವುದು, ಸಾಲಗಳನ್ನು ಕೊಟ್ಟ ತಿಂಗಳಿನ ಪ್ರಕಾರ ಗುಂಪು ಮಾಡಿ, ಒಂದೇ ವಯಸ್ಸಿನಲ್ಲಿ ಹೋಲಿಸಿದ ಪಟ್ಟಿ. ಮಾರ್ಚ್‌ನಲ್ಲಿ ಕೊಟ್ಟವು ಮೂರು ತಿಂಗಳಾದಾಗ ಹೇಗಿದ್ದವು, ಜೂನ್‌ನಲ್ಲಿ ಕೊಟ್ಟವು ಮೂರು ತಿಂಗಳಿಗೆ ಹೇಗಿವೆ. ಅದರ ಪಕ್ಕದಲ್ಲಿ ಮೊದಲ ಇಎಂಐ ಬೌನ್ಸ್ ಆದವು ಎಷ್ಟು, ಮತ್ತು ತೀರಿದ ಸಾಲಗಳಲ್ಲಿ ನಮ್ಮದೇ ಅಥವಾ ಬೇರೆಯವರ ಹೊಸ ಸಾಲದಿಂದ ತೀರಿದವು ಎಷ್ಟು. ಕೊನೆಯದನ್ನು ಕ್ರೆಡಿಟ್ ಬ್ಯೂರೋ ವರದಿಯಿಂದ ಸಾಲಗಾರನೊಬ್ಬೊಬ್ಬನದಾಗಿ ತೆಗೆಯಬೇಕು. ಸೇಲ್ಸ್‌ನವರು "ಮೇಡಂ, ಗ್ರಾಹಕ ಸಾಲ ತೀರಿಸಿದ್ದಾನಲ್ಲ, ಇನ್ನೇನು ಬೇಕು?" ಎಂದು ಗೊಣಗುತ್ತಾರೆ. ಯಾವ ಖಾತೆಯಿಂದ ಬಂದ ಹಣದಲ್ಲಿ ತೀರಿಸಿದ್ದಾನೆ ಎಂಬ ಕಾಲಂ ತುಂಬಿ ಕಳಿಸಿ ಎನ್ನುತ್ತೇನೆ.