ಮೂರು ನಿಮಿಷದಲ್ಲಿ ಬಳಚಿನ ಥೀಸಿಸ್

ಕಾರವಾರದ ನಮ್ಮ ಕಾಲೇಜಿನಲ್ಲಿ ಪಿಎಚ್‌ಡಿ ಮಾಡುವವರನ್ನು ಮೂರು ನಿಮಿಷದ ಭಾಷಣಕ್ಕೆ ತಯಾರು ಮಾಡುವ ಕೆಲಸ ನನ್ನದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಶುರು ಮಾಡಿದ 'ಥ್ರೀ ಮಿನಿಟ್ ಥೀಸಿಸ್' ನಿಯಮಗಳನ್ನೇ ನಮ್ಮಲ್ಲೂ ಇಟ್ಟುಕೊಂಡಿದ್ದಾರೆ. ಒಂದೇ ಸ್ಲೈಡು, ಅನಿಮೇಷನ್ ಇಲ್ಲ, ಕೈಯಲ್ಲಿ ಏನೂ ಹಿಡಿಯುವಂತಿಲ್ಲ, ಮೂರು ನಿಮಿಷ ದಾಟಿದರೆ ಔಟ್. ಕೇಳಲು ಕೂತವರು ಆ ವಿಷಯ ಓದಿದವರಲ್ಲ.

ಕಳೆದ ಸಲ ಬಂದ ಹುಡುಗಿಯ ವಿಷಯ ಅಳಿವೆಯ ಬಳಚು, ಅಂದರೆ ಹೊಳೆ ಸಮುದ್ರ ಸೇರುವಲ್ಲಿ ಸಿಗುವ, ಎರಡು ಚಿಪ್ಪಿನೊಳಗೆ ಇರುವ ಜೀವಿ. ಅವಳು ಬರೆದು ತಂದ ಮೊದಲ ವಾಕ್ಯ ಹೀಗಿತ್ತು: "ಮುಂಗಾರಿನಲ್ಲಿ ಸ್ಯಾಲಿನಿಟಿ ಇಳಿದಾಗ ಬೈವಾಲ್ವ್‌ಗಳ ಕಂಡಿಷನ್ ಇಂಡೆಕ್ಸ್‌ನಲ್ಲಿ ಸಿಗ್ನಿಫಿಕಂಟ್ ಇಳಿಕೆ ಕಂಡುಬಂತು." ಗೈಡ್ ಹೇಳಿದರೆಂದು ಸ್ಯಾಲಿನಿಟಿಯನ್ನು ಲವಣಾಂಶ ಮಾಡಿದಳು, ಬೈವಾಲ್ವ್ ದ್ವಿಕವಾಟಿ ಆಯಿತು. ಅದರಿಂದ ಯಾರಿಗೂ ಏನೂ ಸಲೀಸಾಗಲಿಲ್ಲ. ಆಗ ನಾನು ಕೇಳಿದ್ದು ಇಷ್ಟೇ, "ಲ್ಯಾಬಲ್ಲಿ ಕೈಯಿಂದ ಏನು ಮಾಡಿದೆ, ಅದನ್ನು ಹೇಳು." ಬಳಚು ಬಿಡಿಸಿ, ಮಾಂಸವನ್ನು ಓವನ್ನಿನಲ್ಲಿ ಒಣಗಿಸಿ ತೂಗಿ, ಚಿಪ್ಪನ್ನೂ ತೂಗಿ, ಒಂದಕ್ಕೆ ಇನ್ನೊಂದು ಎಷ್ಟು ಅಂತ ನೋಡಿದೆ ಅಂದಳು. ಹಾಗಾದರೆ ಹೇಳಬೇಕಾದ್ದು 'ಚಿಪ್ಪಿನೊಳಗೆ ಮಾಂಸ ಎಷ್ಟು ತುಂಬಿದೆ' ಅಂತ, ಅಲ್ವಾ?

ನನ್ನ ಪರೀಕ್ಷೆ ಒಂದೇ. ಭಾಷಣ ಮುಗಿದ ಮೇಲೆ ಕೇಳಿದವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. 'ಅರ್ಥವಾಯಿತಾ' ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ, ಅದರಿಂದ ಪ್ರಯೋಜನವಿಲ್ಲ. ಅಕೌಂಟ್ಸ್‌ನಲ್ಲಿರುವ ಶಿರಸಿ ಕಡೆಯವರನ್ನು ಕೂರಿಸಿದೆವು. ಅವರು ಮೀನು ತಿನ್ನದ ಮನೆಯವರು. "ನೀರಿಗೆ ಉಪ್ಪು ಜಾಸ್ತಿಯಾಗಿ ಬಳಚು ಸಾಯ್ತದೆ" ಅಂದರು. ಪೂರ್ತಿ ಉಲ್ಟಾ! ಹುಡುಗಿಯ ಮುಖ ಬಾಡಿತು, ಆದರೆ ದೋಷ ಎಲ್ಲಿದೆ ಅಂತ ಆ ಉತ್ತರದಿಂದಲೇ ಗೊತ್ತಾಯಿತು. ಅವಳ ಮಾತು ಉಪ್ಪಿನಿಂದ ಶುರುವಾಗುತ್ತಿತ್ತು, ಮಳೆ ಆಮೇಲೆ ಎಲ್ಲೋ ಬರುತ್ತಿತ್ತು. ನಡೆದ ಕ್ರಮದಲ್ಲೇ ಜೋಡಿಸಿದೆವು. ಮಳೆ ಬರುತ್ತದೆ, ಹೊಳೆಯ ಸಿಹಿನೀರು ಅಳಿವೆಗೆ ನುಗ್ಗುತ್ತದೆ, ಉಪ್ಪು ಇಳಿಯುತ್ತದೆ, ಬಳಚು ಚಿಪ್ಪು ಮುಚ್ಚಿಕೊಳ್ಳುತ್ತದೆ. ಬಳಚು ನೀರನ್ನು ಸೋಸಿ ಅದರಲ್ಲಿರುವುದನ್ನು ತಿನ್ನುವ ಜೀವಿ, ಹಾಗಾಗಿ ಚಿಪ್ಪು ಮುಚ್ಚಿದಷ್ಟು ಹೊತ್ತು ಅದಕ್ಕೆ ಉಪವಾಸ.

ಆಮೇಲೆ ಕ್ಯಾಂಟೀನಿನ ಅಕ್ಕನಿಗೆ ಹೇಳಿಸಿದೆವು. ಅವರು ಪೂರ್ತಿ ಕೇಳಿ, "ಮಳೆಗಾಲದಲ್ಲಿ ಬಳಚಿನ ಒಳಗೆ ಮಾಂಸವೇ ಇರೂದಿಲ್ಲ, ಬರೀ ಚಿಪ್ಪು. ಇದಕ್ಕೆ ಪಿಎಚ್‌ಡಿ ಬೇಕಾ ಅಕ್ಕೋರೆ?" ಅಂದರು. ನನಗೆ ಇಷ್ಟು ಉಪಯೋಗಕ್ಕೆ ಬಂದ ಪ್ರಶ್ನೆ ಬೇರೆ ಇಲ್ಲ. ಕರಾವಳಿಯವರಿಗೆ ಗೊತ್ತಿರುವುದನ್ನೇ ಮೂರು ನಿಮಿಷ ಹೇಳಿದರೆ ಅವರು ಯಾಕೆ ಕೇಳಬೇಕು? ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಳೆ ನಿಂತ ಮೇಲೆ ಮಾಂಸ ಮತ್ತೆ ಯಾವಾಗ ತುಂಬುತ್ತದೆ ಅನ್ನುವುದು ನನ್ನ ಕೆಲಸ ಮೇಡಂ, ಅದು ಗೊತ್ತಾದರೆ ಎಷ್ಟು ದಿನ ಕಾದು ಬಳಚು ಹೆಕ್ಕಬೇಕು ಅಂತ ಹೇಳಬಹುದು" ಅಂದಳು. ಅದು ಥೀಸಿಸ್‌ನ ನಾಲ್ಕನೇ ಅಧ್ಯಾಯದಲ್ಲಿ ಹೂತುಹೋಗಿತ್ತು. ಅದನ್ನೇ ಭಾಷಣದ ನಡುವಿಗೆ ತಂದೆವು. ಹನ್ನೆರಡು ತಿಂಗಳ ಗ್ರಾಫ್ ಇದ್ದ ಸ್ಲೈಡನ್ನು ತೆಗೆದು, ಒಂದೇ ಅಳತೆಯ ಎರಡು ಬಳಚು ತೆರೆದಿಟ್ಟ ಫೋಟೋ ಹಾಕಿದೆವು. ಒಂದು ಬೇಸಿಗೆಯದು, ಇನ್ನೊಂದು ಮಳೆಗಾಲದ್ದು.

ಒಂದು ವಾಕ್ಯವನ್ನು ಮಾತ್ರ ಕತ್ತರಿಸಲು ನಾನು ಬಿಡಲಿಲ್ಲ. ಮೊಟ್ಟೆ ಬಿಟ್ಟ ಮೇಲೂ ಬಳಚಿನ ಮಾಂಸ ಕಡಿಮೆಯಾಗುತ್ತದೆ. ಹಾಗಾಗಿ ಎಲ್ಲ ಸೊರಗುವಿಕೆಯನ್ನೂ ಸಿಹಿನೀರಿನ ಮೇಲೆ ಹೊರಿಸುವಂತಿಲ್ಲ, ಅದೂ ಒಂದೇ ಹೊಳೆಯಲ್ಲಿ ನೋಡಿದ್ದನ್ನು ಇಟ್ಟುಕೊಂಡು. ಜಾರ್ಗನ್ ತೆಗೆಯುವ ಭರದಲ್ಲಿ ಮೊದಲು ಹೋಗುವುದು ಇಂಥ ವಾಕ್ಯಗಳೇ. ಅವು ಹೋದರೆ ಮಾತು ಸುಲಭವಾಗುತ್ತದೆ, ಸುಳ್ಳೂ ಆಗುತ್ತದೆ. ಅದನ್ನು ಕೊನೆಗೆ ಇಟ್ಟೆವು.

ಸಮಯದ ಲೆಕ್ಕವನ್ನೂ ಹೇಳಬೇಕು. ಇಂಗ್ಲಿಷಿನಲ್ಲಿ ಮೂರು ನಿಮಿಷಕ್ಕೆ ಸುಮಾರು 400 ಪದ ಹಿಡಿಯುತ್ತವೆ. ಕನ್ನಡದ ಪದಗಳು ಉದ್ದ, 250ರ ಮೇಲೆ ಹೋದರೆ ಓಡಬೇಕಾಗುತ್ತದೆ. ನಮ್ಮದು ಎರಡು ಮುಕ್ಕಾಲು ನಿಮಿಷಕ್ಕೆ ಕೂತಿತ್ತು.

ಆದರೆ ಸ್ಪರ್ಧೆಯ ದಿನ ಆಡಳಿತದವರು ವೇದಿಕೆಯ ಮೇಲೆ ಸಾಲಾಗಿ ಕುರ್ಚಿ ಹಾಕಿ ಅತಿಥಿಗಳನ್ನು ಕೂರಿಸಿದ್ದರು. ಅವರನ್ನು ದಾಟಿ ಮೈಕಿನ ಹತ್ತಿರ ಹೋದ ಹುಡುಗಿ ಸಹಜವಾಗಿ "ವೇದಿಕೆಯ ಮೇಲಿರುವ ಮಾನ್ಯ..." ಅಂತ ಶುರು ಮಾಡಿದಳು. ಗಡಿಯಾರ ಓಡುವುದು ಮೊದಲ ಮಾತಿನಿಂದಲೇ. ಐದು ಜನರ ಹೆಸರು, ಹುದ್ದೆ ಎಲ್ಲ ಹೇಳುವಷ್ಟರಲ್ಲಿ ಉಳಿಸಿಟ್ಟುಕೊಂಡ ಸೆಕೆಂಡುಗಳು ಮುಗಿದವು. ನಾನು ಹಿಂದಿನ ಸಾಲಿನಲ್ಲಿ ಫೋನಿನ ಟೈಮರ್ ಹಿಡಿದು ಕೂತಿದ್ದೆ. ಮಳೆ ಬಂತು, ಚಿಪ್ಪು ಮುಚ್ಚಿತು, ಸಭೆ ಅಲುಗಾಡದೆ ಕೇಳುತ್ತಿತ್ತು. "ಆದರೆ ಮೊಟ್ಟೆ ಬಿಟ್ಟ ಮೇಲೂ" ಅನ್ನುವಾಗ ಗಂಟೆ ಹೊಡೆಯಿತು.

ಅವಳು ವಾಕ್ಯ ಮುಗಿಸಿಯೇ ಇಳಿದಳು. ಔಟ್ ಅಂದರು. ಅರ್ಧಕ್ಕೇ ಬಿಟ್ಟಿದ್ದರೆ ಸ್ಪರ್ಧೆಯಲ್ಲಿ ಉಳಿಯುತ್ತಿದ್ದಳೇನೋ. ಮುಗಿಸಿದ್ದೇ ಸರಿ ಅಂತ ನಾನು ಅವಳಿಗೆ ಅಲ್ಲೇ ಹೇಳಿದೆ, ಈಗಲೂ ಹಾಗೇ ಅಂದುಕೊಂಡಿದ್ದೇನೆ. ಈ ವರ್ಷ ವೇದಿಕೆಯ ಮೇಲೆ ಮಾತಾಡುವವರು ಮಾತ್ರ ಇರಲಿ, ವಂದನೆಗಳನ್ನು ನಿರೂಪಕರೇ ಎಲ್ಲರ ಪರವಾಗಿ ಒಮ್ಮೆ ಹೇಳಲಿ ಅಂತ ಆಫೀಸಿಗೆ ಬರೆದುಕೊಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಅಲ್ಲಿಯವರೆಗೆ ನಮ್ಮ ಹುಡುಗರ ಭಾಷಣ ಎರಡೂವರೆ ನಿಮಿಷಕ್ಕೇ ಮುಗಿಯಬೇಕು.